ಉತಾರದ 5-24 ಎಂದರೆ 5.24 ಎಕರೆ ಅಲ್ಲ

ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸುವವರು ಆಸ್ತಿ ತೋರಿಸಬೇಕೆಂದು ಹೊಲದ ಉತಾರ, ಅಂದರೆ ಪಹಣಿ, ಹಿಡಿದುಕೊಂಡು ಅನುವಾದ ಮಾಡುವ ನನ್ನ ಬಳಿ ಬರುತ್ತಾರೆ. ಇಂಗ್ಲಿಷಿಗೆ ಮಾಡಿಕೊಡಿ, ಸಂಜೆಯೊಳಗ ಬೇಕು ಅನ್ನುತ್ತಾರೆ. ಹೆಸರು, ಊರು ಹೇಗೋ ದಾಟಿಬಿಡುತ್ತವೆ. ಕೆಡುವುದು ಅಂಕಿಯಲ್ಲಿ.

ಗದಗ ತಾಲೂಕಿನ ಒಂದು ಉತಾರವನ್ನೇ ನೋಡೋಣ. ಒಟ್ಟು ವಿಸ್ತೀರ್ಣ 6-12-00, ಸಾಗುವಳಿ ಲೆಕ್ಕದಿಂದ ಕಳೆಯುವ ಖರಾಬು ‘ಅ’ 0-20-00, ಖರಾಬು ‘ಬ’ 0-08-00, ಉಳಿದದ್ದು 5-24-00. ಮನೆಯವರು ಮೊದಲು ಬೇರೆ ಕಡೆ ಮಾಡಿಸಿದ್ದ ಅನುವಾದದಲ್ಲಿ ಇದು 5.24 ಎಕರೆ ಆಗಿತ್ತು. ಎಕರೆಗೆ 40 ಗುಂಟೆ. 24 ಗುಂಟೆ ಅಂದರೆ 0.6 ಎಕರೆ. ಹೊಲ ಇರುವುದು 5.6 ಎಕರೆ. ಬರೀ ಒಂದು ಚುಕ್ಕಿಯಿಂದ 14 ಗುಂಟೆಗೂ ಹೆಚ್ಚು ನೆಲ ಹೋಯಿತು. ಜೊತೆಗಿದ್ದ ಮೌಲ್ಯಮಾಪನ ವರದಿಯಲ್ಲಿ 5.6 ಎಂದೇ ಇತ್ತು, ಹೀಗಾಗಿ ಎರಡು ಕಾಗದ ಒಂದಕ್ಕೊಂದು ತಾಳೆಯಾಗಲಿಲ್ಲ. ಸರಕಾರದ ಭೂದಾಖಲೆ ವ್ಯವಸ್ಥೆ ‘ಭೂಮಿ’ಯ ಗಣಕೀಕೃತ ಪ್ರತಿಯಲ್ಲಿ ಇದೇ ಅಂಕಿ 5.24.00.00 ಎಂದು ಚುಕ್ಕಿ ಇಟ್ಟೇ ಬರುವುದರಿಂದ ಮೋಸ ಹೋಗುವುದು ಸುಲಭ. ಅವು ಎಕರೆ, ಗುಂಟೆ, ಆಣೆ, ಕೊನೆಗೆ ಆಣೆಯ ಭಿನ್ನಾಂಶ. ನಾನು ಅಂಕಿಯನ್ನು ಬಿಡಿಸಿ, ಐದು ಎಕರೆ ಇಪ್ಪತ್ನಾಲ್ಕು ಗುಂಟೆ ಎಂದೇ ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಒಂದು ಗುಂಟೆಗೆ 1,089 ಚದರ ಅಡಿ ಎಂಬುದು ಅನುವಾದಕರ ಟಿಪ್ಪಣಿಗೆ ಹೋಗುತ್ತದೆ.

ತಾಳೆ ನೋಡುವ ದಾರಿ ಕಾಗದದಲ್ಲೇ ಇದೆ. 6-12 ಅಂದರೆ 252 ಗುಂಟೆ. ಅದರಲ್ಲಿ ಖರಾಬಿನ 28 ಕಳೆದರೆ 224, ಅಂದರೆ ಸರಿಯಾಗಿ 5-24. ಗುಂಟೆಯ ಜಾಗದಲ್ಲಿ 40 ಅಥವಾ ಅದಕ್ಕೂ ದೊಡ್ಡ ಅಂಕಿ ಕಂಡರೆ ನಾವು ಓದಿದ್ದು ತಪ್ಪು, ಇಲ್ಲವೇ ದಾಖಲೆಯೇ ತಪ್ಪು. ದಾಖಲೆ ತಪ್ಪಿದ್ದರೆ ಅನುವಾದದಲ್ಲಿ ತಿದ್ದುವಂತಿಲ್ಲ. ಇದ್ದಂತೆ ಇಳಿಸಿ ಕೆಳಗೆ ಟಿಪ್ಪಣಿ ಹಾಕಬೇಕು. ಎರಡೂ ಖರಾಬನ್ನು ಸೇರಿಸಿ ‘ಬೀಳು’ ಎಂದು ಬರೆಯುವುದೂ ನಡೆಯುವುದಿಲ್ಲ. ‘ಅ’ ಸಾಗುವಳಿಗೆ ಬಾರದ ಜಾಗ, ಕಲ್ಲುಬಂಡೆಯೋ ಕಣವೋ ಇರಬಹುದು. ‘ಬ’ ದಾರಿ, ಹಳ್ಳದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಖರೀದಿ ಮಾಡುವವರಿಗೆ ಈ ಎಂಟು ಗುಂಟೆಯ ಲೆಕ್ಕ ಬೇಕೇ ಬೇಕು.

ಹಳೆಯ ಕೈಬರಹದ ಪ್ರತಿಯಾದರೆ ಆಣೆ ಇನ್ನಷ್ಟು ಕಾಡುತ್ತದೆ. ವಿಸ್ತೀರ್ಣದಲ್ಲಿ ಅದು ಗುಂಟೆಯ ಹದಿನಾರನೇ ಒಂದು ಭಾಗ. ಅದೇ ಪುಟದಲ್ಲಿ ‘ಆಕಾರ 9-8-0’ ಎಂದಿದ್ದರೆ ಅದು ಒಂಬತ್ತು ರೂಪಾಯಿ ಎಂಟಾಣೆ ಕಂದಾಯ. ಹೆಸರಿನ ಮುಂದೆ ‘ನಾಲ್ಕಾಣೆ ಹಿಸ್ಸೆ’ ಎಂದಿದ್ದರೆ ಕಾಲು ಪಾಲು. ಯಾವ ಕಾಲಂ ಅನ್ನುವುದರ ಮೇಲೆಯೇ ಅರ್ಥ ನಿಲ್ಲುತ್ತದೆ.

ಇನ್ನು 9ನೇ ಕಾಲಂ. ಈ ಉತಾರದಲ್ಲಿ ತಾಯಿ ಮತ್ತು ಇಬ್ಬರು ಮಕ್ಕಳ ಹೆಸರಿತ್ತು. 5-24-00 ಇದ್ದದ್ದು ತಾಯಿಯ ಹೆಸರಿನ ಮುಂದೆ ಮಾತ್ರ, ಮಕ್ಕಳ ಮುಂದೆ ಸೊನ್ನೆ. ಹಳೆಯ ಅನುವಾದ ಅದನ್ನು ಹಾಗೇ ಇಳಿಸಿತ್ತು. ಓದಿದವರಿಗೆ ಮಕ್ಕಳಿಗೆ ಏನೂ ಇಲ್ಲ ಅನ್ನಿಸಬೇಕು, ಹಾಗಿತ್ತು. ಪಕ್ಕದಲ್ಲಿದ್ದ ‘ಜಂಟಿ’ ಎಂಬ ಸಣ್ಣ ನಮೂದು ಬಿಟ್ಟುಹೋಗಿತ್ತು. ಆ ವಿಸ್ತೀರ್ಣ ಮೂವರಿಗೂ ಕೂಡಿದ್ದು. ಮೂರು ಸಮಪಾಲು ಎಂದೂ ನಾವು ಬರೆಯುವ ಹಾಗಿಲ್ಲ, ವಾಟ್ನಿ, ಅಂದರೆ ಆಸ್ತಿ ವಿಭಾಗ, ಆಗಿಲ್ಲದ ಮೇಲೆ ಪಾಲು ಎಷ್ಟೆಂದು ಉತಾರ ಹೇಳುವುದಿಲ್ಲ. 10ನೇ ಕಾಲಂನಲ್ಲಿ ‘ವಾರಸಾ’ ಎಂದೂ ಎಂ.ಆರ್., ಅಂದರೆ ಹಕ್ಕು ಬದಲಾವಣೆ ವಹಿಯ, ನಂಬರೂ ಇತ್ತು. ಹಕ್ಕು ಬಂದ ದಾರಿ ಅದು, ನಂಬರು ಸಮೇತ ಇಳಿಯಬೇಕು.

9ನೇ ಕಾಲಂ ತಲೆಬರಹದ ‘ಸ್ವಾಧೀನದಾರ’ನನ್ನು ಗಿರಾಕಿಗಳು ‘ಓನರ್’ ಅನ್ನಿ ಎಂದು ಒತ್ತಾಯಿಸುತ್ತಾರೆ. ನಾನು ‘ಆಕ್ಯುಪೆಂಟ್’ ಎಂದೇ ಬರೆಯುತ್ತೇನೆ. 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಈ ನಮೂದು ಸುಳ್ಳೆಂದು ರುಜುವಾಗುವವರೆಗೆ ನಿಜವೆಂದು ಹಿಡಿಯಬೇಕು, ಅಷ್ಟೇ. ಅದು ಖರೀದಿಪತ್ರದ ಬದಲಿಗೆ ಬರುವುದಿಲ್ಲ.

‘ನಮ್ಮದು ಒಂದೂವರಿ ಕೂರಿಗಿ ಹೊಲಾರೀ, ಅದನ್ನೂ ಬರೀರಿ’ ಎಂದರು ಆ ಮನೆಯ ಅಜ್ಜ. ಕೂರಿಗೆಯನ್ನು ನಮ್ಮ ಕಡೆ ಸುಮಾರು ನಾಲ್ಕು ಎಕರೆ ಅನ್ನುತ್ತಾರೆ, ಊರು ಬದಲಾದರೆ ಅಳತೆಯೂ ಬದಲು. ಉತಾರದಲ್ಲಿ ಇಲ್ಲದ್ದನ್ನು ಸೇರಿಸಲಿಲ್ಲ. ಹಳೆಯ ವಾಟ್ನಿಪತ್ರದಲ್ಲಿ ಬಂದರೆ ‘ಕೂರಿಗೆ’ ಎಂಬ ಮಾತನ್ನೇ ಉಳಿಸಿ, ಸ್ಥಳೀಯ ಅಳತೆ ಎಂದು ಟಿಪ್ಪಣಿ ಕೊಡುತ್ತೇನೆ, ಎಕರೆಗೆ ತಿರುಗಿಸುವುದಿಲ್ಲ.

ಹಳೆಯ ಪ್ರತಿಯ ತಲೆಯಲ್ಲಿ ‘ತಾ. ಗದಗ, ಜಿ. ಧಾರವಾಡ’ ಎಂದಿದ್ದರೂ ಹಾಗೇ ಇರಲಿ. ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ ಎಂದು ಕೆಳಗೆ ಒಂದು ಸಾಲು ಬರೆದರೆ ಓದುವ ಅಧಿಕಾರಿಗೆ ಎರಡು ಪ್ರತಿಯೂ ಒಂದೇ ಊರಿನವೆಂದು ತಿಳಿಯುತ್ತದೆ.