ಗ್ರಿಡ್ ಸಣ್ಣದು ಮಾಡಿದ ಮೇಲೆ ಉತ್ತರ ಯಾಕೆ ಸಿಡಿಯಿತು?

ಪ್ರಶ್ನೆ: ಒಂದು ಮೀಟರ್ ಉದ್ದದ ತಾಮ್ರದ ಸರಳಿನಲ್ಲಿ ಶಾಖ ಹೇಗೆ ಹರಡುತ್ತದೆ ಅಂತ ಪೈಥಾನ್‌ನಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಎರಡೂ ತುದಿ 0 ಡಿಗ್ರಿ, ನಡುವೆ 100 ಡಿಗ್ರಿ, ಶುರುವಿನ ಆಕಾರ ಸೈನ್ ಅಲೆಯದು. ಬಿಂದುಗಳ ಅಂತರ 1 ಸೆಂ.ಮೀ., ಕಾಲದ ಹೆಜ್ಜೆ 0.25 ಸೆಕೆಂಡ್. ಚೆನ್ನಾಗಿಯೇ ಬಂತು. ಇನ್ನೂ ನಿಖರವಾಗಲಿ ಅಂತ ಅಂತರವನ್ನು ಅರ್ಧ ಸೆಂ.ಮೀ. ಮಾಡಿದೆ. ಗ್ರಾಫ್ ಗರಗಸದ ಹಲ್ಲಿನಂತಾಗಿ, ಕೊನೆಗೆ nan ಬಂತು. ಕೋಡ್‌ನಲ್ಲಿ ತಪ್ಪಿದೆಯೇ?

ಉತ್ತರ: ಕೋಡ್ ಸರಿಯಾಗಿಯೇ ಇದೆ. ನೀವು ಅಂತರವನ್ನು ಮಾತ್ರ ಬದಲಿಸಿದಿರಿ, ಕಾಲದ ಹೆಜ್ಜೆಯನ್ನು ಹಾಗೇ ಬಿಟ್ಟಿರಿ. ಈ ವಿಧಾನದಲ್ಲಿ ಅವೆರಡೂ ಒಂದಕ್ಕೊಂದು ಕಟ್ಟಿಕೊಂಡಿವೆ.

ಪ್ರತಿ ಹೆಜ್ಜೆಯಲ್ಲೂ ನಡೆಯುವುದು ಇಷ್ಟೇ:

```python
r = alpha * dt / dx**2
un = u.copy()
u[1:-1] = un[1:-1] + r*(un[2:] - 2*un[1:-1] + un[:-2])
```

ಇಲ್ಲಿ `alpha` ಅಂದರೆ ಆ ಲೋಹದಲ್ಲಿ ಶಾಖ ಹರಡುವ ವೇಗದ ಅಳತೆ. ತಾಮ್ರಕ್ಕೆ ಅದು ಸುಮಾರು 1.1e-4 ಚದರ ಮೀಟರ್ ಪ್ರತಿ ಸೆಕೆಂಡಿಗೆ. ನಿಮ್ಮ ಮೊದಲ ಲೆಕ್ಕದಲ್ಲಿ r = 0.275 ಇತ್ತು. ಅಂತರ ಅರ್ಧವಾದಾಗ ಛೇದದಲ್ಲಿರುವ ವರ್ಗ ಕಾಲು ಭಾಗವಾಯಿತು, r ನಾಲ್ಕು ಪಟ್ಟು ಏರಿ 1.1 ಆಯಿತು. ಈ ವಿಧಾನಕ್ಕೆ r ಅರ್ಧಕ್ಕಿಂತ ಜಾಸ್ತಿ ಆಗಬಾರದು.

ಯಾಕೆ ಅರ್ಧ? ಆ ಕೊನೆಯ ಸಾಲನ್ನು ಸ್ವಲ್ಪ ತಿರುಗಿಸಿ ಬರೆಯೋಣ. ಹೊಸ ಬೆಲೆ ಅಂದರೆ ಎಡಗಡೆಯದರ r ಪಾಲು, ಬಲಗಡೆಯದರ r ಪಾಲು, ತನ್ನದೇ ಹಳೆಯ ಬೆಲೆಯ (1 − 2r) ಪಾಲು. ಮೂರನ್ನೂ ಕೂಡಿದರೆ ಸರಿಯಾಗಿ 1. ಅಂದರೆ ಇದೊಂದು ಸರಾಸರಿ. ಆದರೆ r ಅರ್ಧ ದಾಟಿದರೆ ನಡುವಿನ ಪಾಲು ಋಣ ಸಂಖ್ಯೆಯಾಗುತ್ತದೆ. ಒಂದು ಬಿಂದು ಬಿಸಿ ಇದ್ದಷ್ಟೂ ಅದೇ ಕಾರಣಕ್ಕೆ ಮುಂದಿನ ಹೆಜ್ಜೆಯಲ್ಲಿ ತಣ್ಣಗಾಗಬೇಕು ಅಂತ ಲೆಕ್ಕ ಹೇಳತೊಡಗುತ್ತದೆ. ಅದು ಸರಾಸರಿ ಅಲ್ಲವೇ ಅಲ್ಲ.

ಕೈಯಲ್ಲೇ ಮಾಡಿ ನೋಡಬಹುದು. ಎಲ್ಲ ಕಡೆ 0 ಇರಲಿ, ಒಂದೇ ಬಿಂದುವಿನಲ್ಲಿ 100 ಇರಲಿ. r = 0.5 ಆದರೆ ಮುಂದಿನ ಹೆಜ್ಜೆಯಲ್ಲಿ 50, 0, 50. ಅದರ ಮುಂದೆ 25, 0, 50, 0, 25. ನೋಡಲು ಚೆಂದ ಇಲ್ಲ, ಆದರೂ ಎಲ್ಲವೂ 0 ಮತ್ತು 100ರ ನಡುವೆಯೇ ಇದೆ. ಈಗ r = 1 ಇಟ್ಟು ನೋಡಿ. ಹೊಸ ಬೆಲೆ = ಎಡ − ತಾನು + ಬಲ.

```
  0     0   100     0     0
  0   100  -100   100     0
100  -200   300  -200   100
```

ಎರಡೇ ಹೆಜ್ಜೆಗೆ 100 ಡಿಗ್ರಿಯ ಬಿಂದು 300 ಆಗಿದೆ, ಪಕ್ಕದ್ದು −200. ಮೂರನೆಯ ಹೆಜ್ಜೆಗೆ ನಡುವಿನದು −700. ಇಲ್ಲಿ ಇನ್ನೊಂದು ಮೋಜು ಗಮನಿಸಿ: ಪ್ರತಿ ಸಾಲಿನ ಮೊತ್ತ ಈಗಲೂ 100. ಒಟ್ಟು ಶಾಖ ಉಳಿದಿದೆಯೇ ಅಂತ ಮಾತ್ರ ಪರೀಕ್ಷಿಸುವವರಿಗೆ ಈ ರೋಗ ಕಾಣುವುದೇ ಇಲ್ಲ. ನೋಡಬೇಕಾದದ್ದು ಗರಿಷ್ಠ, ಕನಿಷ್ಠ ಬೆಲೆಗಳನ್ನು. ಒಳಗೆ ಶಾಖದ ಮೂಲ ಇಲ್ಲದಿದ್ದರೆ, ಶುರುವಿನಲ್ಲಿ ಅಥವಾ ತುದಿಗಳಲ್ಲಿ ಇದ್ದುದಕ್ಕಿಂತ ಹೆಚ್ಚಿನ ಬಿಸಿ ಎಲ್ಲೂ ಹುಟ್ಟಬಾರದು.

ನಿಮ್ಮ ಶುರುವಿನ ಆಕಾರ ನಯವಾದ ಸೈನ್ ಅಲೆ, ಅದರಲ್ಲಿ ಗರಗಸ ಎಲ್ಲಿಂದ ಬಂತು? ಕಂಪ್ಯೂಟರ್ ಸಂಖ್ಯೆಗಳನ್ನು ಸುಮಾರು 16 ಅಂಕಿಗಳವರೆಗೆ ಮಾತ್ರ ಇಟ್ಟುಕೊಳ್ಳುತ್ತದೆ. 100 ಡಿಗ್ರಿಯಲ್ಲಿ 1e-14ರಷ್ಟು ಚಿಲ್ಲರೆ ದೋಷ ಇದ್ದೇ ಇರುತ್ತದೆ. ಆ ದೋಷದಲ್ಲಿ +e, −e, +e, −e ಅಂತ ಅಂಕುಡೊಂಕಾದ ಭಾಗವೂ ಸ್ವಲ್ಪ ಇರುತ್ತದೆ. ಅದನ್ನು ಸೂತ್ರಕ್ಕೆ ಹಾಕಿ: ಎಡದಿಂದ −re, ಬಲದಿಂದ −re, ತನ್ನಿಂದ (1 − 2r)e. ಒಟ್ಟು (1 − 4r)e. ಅಂದರೆ ಪ್ರತಿ ಹೆಜ್ಜೆಗೂ ಅಂಕುಡೊಂಕು (1 − 4r) ಪಟ್ಟಾಗುತ್ತದೆ. ಇದು −1ಕ್ಕಿಂತ ಕೆಳಗಿಳಿಯದಿರಲು r ಅರ್ಧದೊಳಗೆ ಇರಬೇಕು. ಬೇರೆ ಎಲ್ಲ ಅಲೆಗಳಿಗೂ ಇದೇ ರೀತಿ ಗುಣಕ ತೆಗೆಯಬಹುದು, ಅವೆಲ್ಲ ಇದಕ್ಕಿಂತ ಸಾಧು. ಹೀಗೆ ಅಲೆ ಅಲೆಯಾಗಿ ಬಿಡಿಸಿ ನೋಡುವುದಕ್ಕೆ ಫಾನ್ ನಾಯ್ಮನ್ ವಿಶ್ಲೇಷಣೆ ಅನ್ನುತ್ತಾರೆ.

ನಿಮ್ಮ r = 1.1ಕ್ಕೆ ಗುಣಕ −3.4. 1e-14 ಅನ್ನುವ ದೋಷ 30 ಹೆಜ್ಜೆಗಳ ಆಸುಪಾಸಿನಲ್ಲೇ 100 ಡಿಗ್ರಿಯ ಮಟ್ಟಕ್ಕೆ ಏರುತ್ತದೆ. ಸರಳಿನ ಗಡಿಯಾರದಲ್ಲಿ ಅದು ಏಳೆಂಟು ಸೆಕೆಂಡ್. 600 ಹೆಜ್ಜೆಯ ಹೊತ್ತಿಗೆ ಕಂಪ್ಯೂಟರ್ ಹಿಡಿದಿಡಬಲ್ಲ ಸಂಖ್ಯೆಯೇ ಮುಗಿದು inf, ಆಮೇಲೆ nan.

ನಿಜವಾಗಿ ಕಾಟ ಕೊಡುವುದು ಮಿತಿಯನ್ನು ಸ್ವಲ್ಪವೇ ದಾಟಿದ ಲೆಕ್ಕ. r = 0.51 ಆದರೆ ಗುಣಕ −1.04 ಮಾತ್ರ. ಅದೇ ದೋಷ ಬೆಳೆಯಲು ಸಾವಿರದ ಹತ್ತಿರ ಹೆಜ್ಜೆ ಬೇಕು. ನೀವು 500 ಹೆಜ್ಜೆ ಓಡಿಸಿ, ಗ್ರಾಫ್ ಚೆನ್ನಾಗಿದೆ ಅಂತ ಬೀಗುತ್ತೀರಿ. ಇನ್ನೊಬ್ಬರು 5000 ಓಡಿಸಿದಾಗ ಸಿಡಿಯುತ್ತದೆ. ಹಾಗಾಗಿ ಗ್ರಾಫ್ ನೋಡಿ ನಂಬಬೇಡಿ, r ಅನ್ನು ಪ್ರಿಂಟ್ ಮಾಡಿ. `dt` ಅನ್ನು ಕೈಯಲ್ಲಿ ಬರೆಯುವ ಬದಲು `dt = 0.4*dx**2/alpha` ಅಂತ ಬಿಡುವುದು ಇನ್ನೂ ಒಳ್ಳೆಯದು. `dx` ಕೂಡ `x[1]-x[0]` ಅಂತಲೇ ತೆಗೆಯಿರಿ, `linspace(0,1,100)` ಕೊಡುವುದು 1/100 ಅಲ್ಲ, 1/99.

ಸರಿಯಾಗಿ 0.5 ಇಡಬಹುದಾ? ಸಿಡಿಯುವುದಿಲ್ಲ, ಆದರೆ ಅಂಕುಡೊಂಕು ಸಾಯುವುದೂ ಇಲ್ಲ. ಮೇಲೆ ನೋಡಿದ 25, 0, 50, 0, 25 ಅದೇ. r ಕಾಲು ಭಾಗದೊಳಗೆ ಇದ್ದರೆ ಚಿಹ್ನೆ ತಿರುಗುವ ಆಟವೂ ಇರುವುದಿಲ್ಲ. ಸರಳಿನ ಬದಲು ತಗಡು, ಅಂದರೆ ಎರಡು ಆಯಾಮ ಬಂದರೆ ಮಿತಿಯೇ 0.25ಕ್ಕೆ ಇಳಿಯುತ್ತದೆ, ಎರಡೂ ದಿಕ್ಕಿನ ಅಂತರ ಒಂದೇ ಆಗಿದ್ದರೆ. ತಾಮ್ರ, ಉಕ್ಕು ಬೆಸೆದ ಸರಳಾದರೆ ತಾಮ್ರದ alpha ಹಿಡಿದೇ ಲೆಕ್ಕ ಹಾಕಿ. ಉಕ್ಕಿನದು ಅದರ ಹತ್ತನೇ ಒಂದು ಪಾಲಿನಷ್ಟು, ಆದರೆ ಸಿಡಿತ ಶುರುವಾಗುವುದು ತಾಮ್ರದ ಕಡೆಯಿಂದ.

ಈಗ ಖರ್ಚಿನ ಮಾತು. ನಿಮ್ಮ ಸರಳಿನ ನಡುವಿನ ಬಿಸಿ 100ರಿಂದ 37 ಡಿಗ್ರಿಗೆ ಇಳಿಯಲು 15 ನಿಮಿಷದಷ್ಟು ಬೇಕು. ಅರ್ಧ ಸೆಂ.ಮೀ. ಅಂತರಕ್ಕೆ ಹೆಜ್ಜೆ 0.11 ಸೆಕೆಂಡ್ ದಾಟುವಂತಿಲ್ಲ, ಅಂದರೆ 8000 ಹೆಜ್ಜೆ. ಲ್ಯಾಪ್‌ಟಾಪಿಗೆ ಇದೇನೂ ಭಾರವಲ್ಲ, ಸುಮ್ನೆ ಓಡಿಸಿ. ಆದರೆ 1 ಮಿ.ಮೀ. ಅಂತರ ಬೇಕೆಂದರೆ 0.0045 ಸೆಕೆಂಡ್, ಎರಡು ಲಕ್ಷ ಹೆಜ್ಜೆ. ಅಲ್ಲಿ 1947ರಲ್ಲಿ ಕ್ರ್ಯಾಂಕ್ ಮತ್ತು ನಿಕಲ್ಸನ್ ಕೊಟ್ಟ ವಿಧಾನಕ್ಕೆ ಹೋಗುವುದು ಲೇಸು. ಪ್ರತಿ ಹೆಜ್ಜೆಗೂ ಒಂದು ಸಮೀಕರಣಗಳ ಗುಂಪನ್ನು ಬಿಡಿಸಬೇಕು, ಆದರೆ r ಎಷ್ಟಿದ್ದರೂ ಸಿಡಿಯುವುದಿಲ್ಲ.

ಅದಕ್ಕೂ ಒಂದು ಕೊಕ್ಕೆ ಇದೆ. ಅಲ್ಲಿ ಅಂಕುಡೊಂಕಿನ ಗುಣಕ (1 − 2r)/(1 + 2r). 1 ಮಿ.ಮೀ. ಅಂತರ, 1 ಸೆಕೆಂಡ್ ಹೆಜ್ಜೆ ಅಂದರೆ r = 110, ಗುಣಕ −0.99. ಬೆಳೆಯುವುದಿಲ್ಲ, ಆದರೆ ನೂರು ಹೆಜ್ಜೆಯಾದರೂ ಹೋಗುವುದೂ ಇಲ್ಲ. ನಿಮ್ಮ ಸೈನ್ ಅಲೆಗೆ ಇದರಿಂದ ತೊಂದರೆಯಿಲ್ಲ. ಬಿಸಿ ಸರಳಿನ ತುದಿಯನ್ನು ಥಟ್ಟನೆ ಮಂಜುಗಡ್ಡೆಗೆ ಅದ್ದಿದ ಲೆಕ್ಕವಾದರೆ ಮಾತ್ರ ಮೊದಲ ಮೂರ್ನಾಲ್ಕು ಹೆಜ್ಜೆಗಳನ್ನು ಬ್ಯಾಕ್‌ವರ್ಡ್ ಆಯ್ಲರ್ ವಿಧಾನದಲ್ಲಿ ಹಾಕಿ. ಅದರ ಗುಣಕ 1/(1 + 4r), ಇಲ್ಲಿ 1/441. ಗರಗಸ ಅಲ್ಲೇ ಸಾಯುತ್ತದೆ, ಆಮೇಲೆ ಕ್ರ್ಯಾಂಕ್–ನಿಕಲ್ಸನ್‌ಗೆ ಬದಲಾಯಿಸಿಕೊಳ್ಳಬಹುದು.