ಕೋನೀಯ ಸಂವೇಗ: ಅದು ತಿರುಗುವ ವೇಗವಲ್ಲ

“ಸ್ಪ್ರಿಂಕ್ಲರ್‌ನ ಕೋನೀಯ ಸಂವೇಗ ನಿಮಿಷಕ್ಕೆ 300 ಸುತ್ತು” ಎಂಬಂಥ ವಾಕ್ಯ ಪದೇ ಪದೇ ಕಣ್ಣಿಗೆ ಬೀಳುತ್ತದೆ. ಸುತ್ತಿನ ಲೆಕ್ಕ ಕೋನೀಯ ವೇಗದ್ದು, ಸಂವೇಗದ್ದಲ್ಲ.

ಗೊಂದಲಕ್ಕೆ ಪದವೂ ಸ್ವಲ್ಪ ಹೊಣೆ. ವೇಗ, ಉದ್ವೇಗ, ಸಂವೇಗ ಮೂರೂ ‘ವಿಜ್’ ಧಾತುವಿನಿಂದ ಬಂದವು. ಅದರ ಅರ್ಥ ನಡುಗು, ಕದಲು. ಸಂಸ್ಕೃತದಲ್ಲಿ ಸಂವೇಗ ಎಂದರೆ ತಳಮಳ. ಭೌತವಿಜ್ಞಾನ ಆ ಪದವನ್ನು ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧಕ್ಕೆ ಅಂಟಿಸಿತು. ‘ಸಂ’ ಇದೆಯೆಂದು ‘ಜಾಸ್ತಿ ವೇಗ’ ಎಂದು ಓದಿಕೊಂಡರೆ ಲೆಕ್ಕ ಅಲ್ಲೇ ಕೆಟ್ಟಿತು. ಕೋನೀಯ ಸಂವೇಗಕ್ಕೆ ಇನ್ನೊಂದು ಗುಣಕ ಬೇಕು: ಅಕ್ಷದಿಂದ ಇರುವ ದೂರ.

ಹುಲ್ಲುಹಾಸಿನ ಎರಡು ತೋಳಿನ ಸ್ಪ್ರಿಂಕ್ಲರ್ ತೆಗೆದುಕೊಳ್ಳಿ. ತೋಳಿನ ಉದ್ದ R = 0.15 ಮೀಟರ್, ಒಟ್ಟು ನೀರು ನಿಮಿಷಕ್ಕೆ 12 ಲೀಟರ್, ಅಂದರೆ ಸೆಕೆಂಡಿಗೆ m = 0.2 ಕೆಜಿ. 4 ಮಿಮೀ ವ್ಯಾಸದ ಎರಡು ರಂಧ್ರಗಳಿಂದ ಅದು ತೋಳಿಗೆ ಅಡ್ಡಲಾಗಿ, ನೆಲಕ್ಕೆ ಸಮಾನಾಂತರವಾಗಿ ಸುಮಾರು W = 8 ಮೀ/ಸೆ. ವೇಗದಲ್ಲಿ ಚಿಮ್ಮುತ್ತದೆ. ಈ 8 ತೋಳಿಗೆ ಹೋಲಿಸಿದ ವೇಗ. ತೋಳು ಹಿಂದಕ್ಕೆ ಓಡುತ್ತಿರುವುದರಿಂದ ನೆಲದ ಮೇಲೆ ನಿಂತು ನೋಡುವವರಿಗೆ ಅದು W − ωR ಮಾತ್ರ. ಇಲ್ಲಿ ω ತೋಳಿನ ಕೋನೀಯ ವೇಗ, ωR ತೋಳಿನ ತುದಿಯ ವೇಗ. ಹೆಚ್ಚಿನವರು ಎಡವುವುದು ಇಲ್ಲೇ.

ನೀರು ಅಕ್ಷದ ಗುಂಟ ಒಳಬರುವುದರಿಂದ ಬರುವಾಗ ಅದರ ಕೋನೀಯ ಸಂವೇಗ ಸೊನ್ನೆ. ಸ್ಥಿರವಾಗಿ ತಿರುಗುತ್ತಿರುವಾಗ, ಹೊರಹೋಗುವ ನೀರು ಸೆಕೆಂಡಿಗೆ ಎಷ್ಟು ಕೋನೀಯ ಸಂವೇಗ ಒಯ್ಯುತ್ತದೋ ಅಷ್ಟೇ ಟಾರ್ಕ್ T ಅನ್ನು ತೋಳನ್ನು ತಡೆಯುವ ಘರ್ಷಣೆಯೂ ಹಾಕುತ್ತಿರಬೇಕು:

T = m R (W − ωR)

ತೋಳನ್ನು ಕೈಯಲ್ಲಿ ಹಿಡಿದರೆ ω ಸೊನ್ನೆ, T = 0.2 × 0.15 × 8 = 0.24 ನ್ಯೂಟನ್-ಮೀಟರ್. ಒಂದು ತೋಳಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿದರೆ ಸುಮಾರು 160 ಗ್ರಾಂ ತೋರಿಸಬೇಕು. ಬಹಳ ಕಡಿಮೆ ತೋರಿಸಿದರೆ ರಂಧ್ರ ಕಟ್ಟಿಕೊಂಡಿದೆಯೇ, ನೀರು ಬುಡದಲ್ಲೇ ಸೋರುತ್ತಿದೆಯೇ ನೋಡಿ. ಬೇರಿಂಗ್ ಘರ್ಷಣೆ 0.09 ಇದ್ದರೆ W − ωR = 3, ω = 33.3 ರೇಡಿಯನ್/ಸೆ., ನಿಮಿಷಕ್ಕೆ 318 ಸುತ್ತು. ಘರ್ಷಣೆಯೇ ಇಲ್ಲದಿದ್ದರೆ ω = W/R, ಸುಮಾರು 509 ಸುತ್ತು.

ಈಗ ಸಂವೇಗವೂ ವೇಗವೂ ಒಂದೇ ಎನ್ನುವವರು ಇಲ್ಲಿ ನೋಡಲಿ. 509 ಸುತ್ತಿನಲ್ಲಿ ಹೊರಬಿದ್ದ ನೀರಿನ ಕೋನೀಯ ಸಂವೇಗ ಸೊನ್ನೆ. ನೀರು ದೂರ ಹಾರದೆ ತೋಳಿನ ತುದಿಯ ಕೆಳಗೇ ಸುರಿಯುತ್ತದೆ. ಕೈಯಲ್ಲಿ ಹಿಡಿದು ನಿಲ್ಲಿಸಿದಾಗ ನೀರಿನ ಕೋನೀಯ ಸಂವೇಗ ಗರಿಷ್ಠ. ಅಂದರೆ ಹುಲ್ಲಿಗೆ ನೀರು ದೂರ ಬೀಳಬೇಕಾದರೆ ಒಂದಿಷ್ಟು ತಡೆ ಬೇಕೇ ಬೇಕು.

ರಂಧ್ರ 30° ಮೇಲೆ ಬಾಗಿದ್ದರೆ W ಬದಲು W cos 30° ಹಾಕಿ: 6.93. ಅದೇ ಘರ್ಷಣೆಗೆ ವೇಗ 250 ಸುತ್ತಿಗೆ ಇಳಿಯುತ್ತದೆ. ತೋಳಿನ ನೇರಕ್ಕೇ ಹೊರಮುಖವಾಗಿ ಕೊರೆದ ರಂಧ್ರವಾದರೆ ಟಾರ್ಕ್ ಇಲ್ಲವೇ ಇಲ್ಲ, ಒತ್ತಡ ಎಷ್ಟೇ ಇರಲಿ. ಇಷ್ಟೆಲ್ಲ ಲೆಕ್ಕ ಹರಿವು ಬದಲಾಗದು ಎಂಬುದರ ಮೇಲೆ ನಿಂತಿದೆ. ನಲ್ಲಿಯ ಒತ್ತಡ ಸ್ಥಿರವಾಗಿದ್ದರೆ ತಿರುಗುವ ತೋಳು ತಾನೇ ನೀರನ್ನು ಹೊರದೂಡಿ W ಅನ್ನು ಏರಿಸುತ್ತದೆ, ಆಗ m ಅನ್ನೂ ಮತ್ತೆ ಅಳೆಯಬೇಕು.