ಮಕ್ಕಳು 24, ಗೆರೆ 27: ಲೆಕ್ಕ ಎಲ್ಲಿ ತಪ್ಪಿತು?

ಪ್ರಶ್ನೆ: ನನ್ನ ಮಗಳು ವಿರಾಜಪೇಟೆ ಹತ್ತಿರ ಮೂರನೇ ಕ್ಲಾಸಿನಲ್ಲಿ ಓದುತ್ತಿದ್ದಾಳೆ. ಜೊತೆಯ ಮಕ್ಕಳಿಗೆ ಯಾವ ಹಣ್ಣು ಇಷ್ಟ ಅಂತ ಕೇಳಿ, ತಾಳೆ ಗುರುತು ಹಾಕಿ, ಚಿತ್ರನಕ್ಷೆ ಬರೆದು ತರಲು ಹೇಳಿದ್ದರು. ಕ್ಲಾಸಿನಲ್ಲಿ ಇರುವುದು 24 ಮಕ್ಕಳು. ನಾನು ಗೆರೆ ಎಣಿಸಿದರೆ 27 ಬರುತ್ತದೆ. ಅವಳು 25 ಅನ್ನುತ್ತಾಳೆ. ಎರಡು ಮೂರು ಗೆರೆ ಅಳಿಸಿ 24 ಮಾಡಿಬಿಡಲಾ?

ಉತ್ತರ: ದಯವಿಟ್ಟು ಅಳಿಸಬೇಡಿ. ಇದು ನನಗೆ ಪ್ರತಿವರ್ಷ ಬರುವ ಪ್ರಶ್ನೆ. ಅಳಿಸಿದರೆ ಮೊತ್ತ ಸರಿಯಾಗುತ್ತದೆ, ಆದರೆ ಯಾರ ಗೆರೆ ಹೋಯಿತು ಅಂತ ಗೊತ್ತಾಗುವುದಿಲ್ಲ. ನೀವು ಕಳಿಸಿದ ಫೋಟೋವನ್ನೇ ಇಟ್ಟುಕೊಂಡು ನೋಡೋಣ.

ಹಾಳೆಯಲ್ಲಿ ಆರು ಸಾಲು ಇವೆ. ನಿಮ್ಮ ಎಣಿಕೆಯಂತೆ ಮಾವು 9, ಕಿತ್ತಳೆ 7, ಬಾಳೆ 4, ಸೀಬೆ 3, ಪೇರಳೆ 2, ಬೆಣ್ಣೆಹಣ್ಣು 2. ಕೂಡಿದರೆ 27, ನಿಜ. ಈಗ ಮಾವಿನ ಸಾಲಿನ ಮೊದಲ ಕಟ್ಟನ್ನು ಸರಿಯಾಗಿ ನೋಡಿ. ತಾಳೆ ಗುರುತಿನಲ್ಲಿ ನಾಲ್ಕು ನೆಟ್ಟಗಿನ ಗೆರೆ, ಐದನೆಯದನ್ನು ಅವುಗಳ ಮೇಲೆ ಅಡ್ಡಲಾಗಿ ಎಳೆಯಬೇಕು. ನಿಮ್ಮ ಮಗಳು ಐದು ನೆಟ್ಟಗಿನ ಗೆರೆ ಹಾಕಿ, ಆಮೇಲೆ ಅಡ್ಡ ಎಳೆದಿದ್ದಾಳೆ. ಅವಳ ಪ್ರಕಾರ ಆ ಅಡ್ಡಗೆರೆ ಸೌದೆ ಹೊರೆಗೆ ಬಿಗಿದ ಹಗ್ಗ ಇದ್ದಂತೆ, ಎಣಿಕೆಗೆ ಇಲ್ಲ. ಅದಕ್ಕೇ ಅವಳು ಐದು ಅನ್ನುತ್ತಾಳೆ, ನೀವು ಆರು ಅನ್ನುತ್ತೀರಿ. ಕಿತ್ತಳೆ ಸಾಲಿನಲ್ಲೂ ಇದೇ ಆಗಿದೆ. ಎರಡು ಕಟ್ಟು, ಎರಡು ಹಗ್ಗ. 27ರಲ್ಲಿ ಎರಡು ಕಳೆದರೆ ಅವಳ 25.

ಈ ತಪ್ಪನ್ನು ಬರೀ ನೋಡಿ ಹಿಡಿಯುವುದು ಕಷ್ಟ. ನಾನು ಕ್ಲಾಸಿನಲ್ಲಿ ಅಡ್ಡಗೆರೆಯ ಮೇಲೆ ಬೆರಳಿಟ್ಟು, "ಇದು ಯಾರು?" ಅಂತ ಕೇಳುತ್ತೇನೆ. ಅಡ್ಡಗೆರೆಯೂ ಒಂದು ಮಗುವೇ ಅಂತ ತಿಳಿದ ಮಗು ಯಾರದಾದರೂ ಹೆಸರು ಹೇಳುತ್ತದೆ. ಹಗ್ಗ ಅಂದುಕೊಂಡಿರುವ ಮಗು ಸುಮ್ನೆ ನಮ್ಮ ಮುಖ ನೋಡುತ್ತದೆ. ಆಗ ಐದು ಮಕ್ಕಳನ್ನು ಎದುರಿಗೆ ಕರೆದು, ನಾಲ್ವರನ್ನು ಸಾಲಾಗಿ ನಿಲ್ಲಿಸಿ, ಐದನೆಯವನ ಕೈಯನ್ನು ಅವರ ಮುಂದೆ ಅಡ್ಡ ಚಾಚಿಸಿದರೆ ಸಾಕು. ಮತ್ತೆ ಮರೆಯುವುದಿಲ್ಲ.

ಇನ್ನು 25. ಒಂದೇ ಒಂದು ಜಾಸ್ತಿ, ಎಲ್ಲೋ ಕೈತಪ್ಪಿದೆ ಅನ್ನಿಸುತ್ತದೆ ಅಲ್ವಾ? ನನಗೆ ಅನುಮಾನ ಬಂದದ್ದು ಇಲ್ಲೇ. ನಿಮ್ಮ ಮಗಳಿಗೆ ಮೂರು ಮಾತು ಕೇಳಲು ಹೇಳಿದ್ದೆ. ಅವಳ ಉತ್ತರ ಹೀಗಿತ್ತು: ಒಬ್ಬ ಹುಡುಗ ಕಿತ್ತಳೆಯೂ ಇಷ್ಟ, ಬಾಳೆಯೂ ಇಷ್ಟ ಅಂದ, ಎರಡು ಕಡೆಯೂ ಗೆರೆ ಹಾಕಿದಳು. ಒಬ್ಬಳನ್ನು ಬೆಳಗ್ಗೆ ಒಮ್ಮೆ, ಊಟದ ಹೊತ್ತಿಗೆ ಇನ್ನೊಮ್ಮೆ ಕೇಳಿದ್ದಳು, ಸೀಬೆಗೆ ಎರಡು ಗೆರೆ ಬಿತ್ತು. ತನ್ನ ಗೆರೆಯನ್ನು ಮಾತ್ರ ಹಾಕಿಕೊಳ್ಳಲೇ ಇಲ್ಲ. ಅಂದರೆ ಹೆಚ್ಚಿಗೆ ಬಿದ್ದದ್ದು ಎರಡು, ಬಿಟ್ಟುಹೋದದ್ದು ಒಂದು. ಕಣ್ಣಿಗೆ ಕಂಡದ್ದು ಒಂದೇ ತಪ್ಪು, ಒಳಗೆ ಇದ್ದದ್ದು ಮೂರು.

ಇನ್ನೂ ಒಂದು ವಿಷಯ ನೋಡಿ. ಅವಳು ಸೀಬೆ ಗೆಳತಿಯನ್ನು ಒಮ್ಮೆ ಮಾತ್ರ ಕೇಳಿದ್ದರೆ ಮೊತ್ತ ಸರಿಯಾಗಿ 24 ಬರುತ್ತಿತ್ತು. ಎರಡು ಹಣ್ಣು ಹೇಳಿದ ಹುಡುಗನ ಜಾಸ್ತಿ ಗೆರೆಯೂ, ಇವಳ ಬಿಟ್ಟುಹೋದ ಗೆರೆಯೂ ಒಂದನ್ನೊಂದು ಮುಚ್ಚಿಬಿಡುತ್ತಿದ್ದವು. ನೀವೂ ನಾನೂ ಸರಿ ಅಂತ ತಲೆಯಾಡಿಸುತ್ತಿದ್ದೆವು. ಮೊತ್ತ ತಪ್ಪಿದರೆ ಎಲ್ಲೋ ತಪ್ಪಿದೆ ಅಂತ ಖಂಡಿತ ಹೇಳಬಹುದು. ಮೊತ್ತ ಕೂಡಿಬಂದರೆ ಎಲ್ಲವೂ ಸರಿ ಅಂತ ಹೇಳಲಾಗುವುದಿಲ್ಲ. ಅದಕ್ಕೆ ಹಾಜರಿ ಪಟ್ಟಿಯೇ ಬೇಕು. ಹೆಸರು ಕೂಗಿ, ಉತ್ತರ ಕೇಳಿ, ಗೆರೆ ಎಳೆದು, ಆ ಹೆಸರಿನ ಮುಂದೆ ಟಿಕ್ ಹಾಕಿಕೊಳ್ಳಬೇಕು.

ನಮ್ಮ ಕಡೆ ಇನ್ನೊಂದು ಸುಲಭ ದಾರಿ ಇದೆ, ಕಾಫಿ ಬೀಜ. ಮಗುವಿಗೊಂದರಂತೆ 24 ಬೀಜ ಹಂಚಿ, ಹಣ್ಣಿನ ಹೆಸರು ಬರೆದ ಚೀಟಿಯ ಮೇಲೆ ಇಡಲು ಹೇಳಿ. ಕೈಯಲ್ಲಿ ಒಂದೇ ಬೀಜ ಇದ್ದರೆ ಎರಡು ಹಣ್ಣಿಗೆ ಹಾಕಲು ಆಗುವುದಿಲ್ಲ. ಕೇಳುವವಳ ಕೈಯಲ್ಲಿ ಬೀಜ ಉಳಿದಿದ್ದರೆ ತಾನು ಹೇಳಿಲ್ಲ ಅಂತ ಅವಳಿಗೇ ಗೊತ್ತಾಗುತ್ತದೆ. ಆಮೇಲೆ ಬೀಜ ಎತ್ತುತ್ತಾ ಒಂದೊಂದಕ್ಕೂ ಗೆರೆ ಎಳೆಯಲಿ.

ಸೀಬೆ, ಪೇರಳೆ ಬೇರೆ ಬೇರೆ ಸಾಲಿನಲ್ಲಿ ಇರುವುದನ್ನು ನೀವು ಗಮನಿಸಿದಿರೋ ಇಲ್ಲವೋ. ಕೊಡಗಿನ ಕ್ಲಾಸುಗಳಲ್ಲಿ ಇದು ಆಗದಿದ್ದರೇ ಆಶ್ಚರ್ಯ. ಮೈಸೂರು ಕಡೆಯ ಮನೆಯ ಮಗು ಸೀಬೆ ಅನ್ನುತ್ತದೆ, ಮಂಗಳೂರು ಕಡೆಯದು ಪೇರಳೆ, ಮಲಯಾಳ ಮಾತಾಡುವ ಮನೆಯದು ಪೇರಕ್ಕ. ಹಣ್ಣು ಒಂದೇ. ಹೆಸರು ಬೇರೆಯಾದರೆ ಗೆರೆಗಳು ಒಡೆದು ಹಂಚಿಹೋಗುತ್ತವೆ, ಹಣ್ಣು ಹಿಂದೆ ಬೀಳುತ್ತದೆ. ಮೊತ್ತ ನೋಡಿದರೆ ಈ ತಪ್ಪು ಸಿಕ್ಕುವುದೇ ಇಲ್ಲ, ಏಕೆಂದರೆ ಮೊತ್ತ ಬದಲಾಗುವುದಿಲ್ಲ. ಕೇಳಲು ಹೊರಡುವ ಮೊದಲೇ ಬೋರ್ಡಿನ ಮೇಲೆ ಹಣ್ಣಿನ ಚಿತ್ರ ಬರೆದಿಟ್ಟರೆ ಈ ತಾಪತ್ರಯ ಇಲ್ಲ.

ಎಲ್ಲ ಸರಿ ಮಾಡೋಣ. ಹುಡುಗ ಕಿತ್ತಳೆಗೇ ನಿಂತನಂತೆ, ಆದ್ದರಿಂದ ಬಾಳೆಯಲ್ಲಿ ಒಂದು ಕಡಿಮೆ. ಸೀಬೆಯಲ್ಲಿ ಎರಡನೇ ಸಲದ ಗೆರೆ ಹೋಯಿತು, ಪೇರಳೆಯ ಎರಡು ಬಂದು ಸೇರಿದವು. ನಿಮ್ಮ ಮಗಳು ಬೆಣ್ಣೆಹಣ್ಣು ಅಂದಳು. ಈಗ ಮಾವು 8, ಕಿತ್ತಳೆ 6, ಸೀಬೆ 4, ಬಾಳೆ 3, ಬೆಣ್ಣೆಹಣ್ಣು 3. ಮೊತ್ತ 24. ಬಾಳೆಗಿಂತ ಹಿಂದೆ ಇದ್ದ ಸೀಬೆ ಈಗ ಮುಂದೆ ಬಂದಿದೆ. ಸುಮ್ನೆ ಗೆರೆ ಅಳಿಸಿದ್ದರೆ ಇದು ತಿಳಿಯುತ್ತಿರಲಿಲ್ಲ.

ಚಿತ್ರನಕ್ಷೆಗೆ ಬರೋಣ. ಒಂದು ಚಿತ್ರ ಅಂದರೆ 2 ಮಕ್ಕಳು ಅಂತ ಇಟ್ಟುಕೊಂಡರೆ ಮಾವಿಗೆ 4 ಚಿತ್ರ, ಕಿತ್ತಳೆಗೆ 3, ಸೀಬೆಗೆ 2, ಬಾಳೆಗೂ ಬೆಣ್ಣೆಹಣ್ಣಿಗೂ ಒಂದೂವರೆ. ಒಟ್ಟು 12 ಚಿತ್ರ, ಎರಡರಿಂದ ಗುಣಿಸಿದರೆ ಮತ್ತೆ 24. ಒಂದು ಚಿತ್ರಕ್ಕೆ 5 ಮಕ್ಕಳು ಅಂತ ಇಟ್ಟರೆ ಮಾವಿನ 8 ಬರೆಯುವುದು ಹೇಗೆ? ಹಣ್ಣನ್ನು ಐದು ಹೋಳು ಮಾಡಬೇಕಾಗುತ್ತದೆ. ಇನ್ನು ಅರ್ಧ ಬಾಳೆಹಣ್ಣು ಬರೆದರೆ ಮಕ್ಕಳ ಕಣ್ಣಿಗೆ ಅದು ಪುಟ್ಟಬಾಳೆಯಂತೆ ಕಾಣುತ್ತದೆ. ಎಲ್ಲ ಹಣ್ಣಿಗೂ ಒಂದೇ ಅಳತೆಯ ದುಂಡನೆಯ ಗುರುತು ಬರೆದು, ಬಣ್ಣ ಮಾತ್ರ ಬೇರೆ ಹಾಕಿಸುವುದು ನನಗೆ ಇಷ್ಟ. ಚೆಂದ ಸ್ವಲ್ಪ ಕಡಿಮೆ, ಆದರೆ ಅರ್ಧ ಅಂದರೆ ಅರ್ಧವೇ ಕಾಣುತ್ತದೆ.

ನಿಮ್ಮ ಮಗಳ ನಕ್ಷೆಯಲ್ಲಿ ಬೆಣ್ಣೆಹಣ್ಣಿನ ಸಾಲು ಕಿತ್ತಳೆಯಷ್ಟೇ ಉದ್ದ ಇದೆ. ಅವಳಿಗೆ ಆ ಹಣ್ಣು ಇಷ್ಟ, ದೊಡ್ಡದಾಗಿ ಬರೆದಿದ್ದಾಳೆ! ಲೆಕ್ಕದ ಪುಸ್ತಕದ ಚೌಕಳಿ ಹಾಳೆ ಕೊಡಿ. ಒಂದು ಚೌಕಕ್ಕೆ ಒಂದು ಚಿತ್ರ, ಎಲ್ಲ ಸಾಲೂ ಎಡಗಡೆ ಒಂದೇ ಗೆರೆಯಿಂದ ಶುರುವಾಗಲಿ. ಕೆಳಗೆ "ಒಂದು ಚಿತ್ರ = 2 ಮಕ್ಕಳು" ಅಂತ ಬರೆಯಲಿ. ಅದಿಲ್ಲದಿದ್ದರೆ ನೋಡಿದವರು ಮಾವು 4 ಜನಕ್ಕೆ ಮಾತ್ರ ಇಷ್ಟ ಅಂತಲೇ ಓದುತ್ತಾರೆ.

ಆ ಹುಡುಗ ನಾಳೆ ಮತ್ತೆ "ನನಗೆ ಎರಡೂ ಇಷ್ಟ" ಅಂದರೆ? ಅದೂ ಸರಿಯೇ, ಆದರೆ ಅದಕ್ಕೆ ಬೇರೆ ಪ್ರಶ್ನೆ ಬೇಕು. "ಎಲ್ಲಕ್ಕಿಂತ ಹೆಚ್ಚು ಇಷ್ಟದ ಹಣ್ಣು ಯಾವುದು?" ಅಂತ ಕೇಳಿದರೆ ಒಬ್ಬರಿಗೆ ಒಂದೇ ಗೆರೆ. "ಯಾವ ಯಾವ ಹಣ್ಣು ಇಷ್ಟ?" ಅಂತ ಕೇಳಿದರೆ ಒಬ್ಬರಿಗೆ ನಾಲ್ಕು ಗೆರೆಯೂ ಬೀಳಬಹುದು. ಆಗ ಗೆರೆಗಳ ಮೊತ್ತ 40 ಬಂದರೂ ತಪ್ಪಲ್ಲ. ಯಾವ ಒಂದು ಹಣ್ಣಿನ ಸಾಲೂ 24 ದಾಟಬಾರದು, ಅಷ್ಟೇ.